ಚುಕ್ತಾ ಆದ ಸಾಲಕ್ಕೆ ಉಳಿದ ಬಾಕಿ

ನಿವೃತ್ತರಾದ ಮೇಷ್ಟ್ರೊಬ್ಬರು ಇದ್ದಾರೆ ಎಂದಿಟ್ಟುಕೊಳ್ಳಿ. ಗ್ರಾಚ್ಯುಟಿ ಹಣ ಕೈಗೆ ಬಂದಿದೆ, ಮನೆ ಸಾಲ ತೀರಿಸಿಬಿಡೋಣ ಎಂದು ತಿಂಗಳ 18ರಂದು ಬ್ಯಾಂಕಿನ ಆ್ಯಪ್ ತೆರೆಯುತ್ತಾರೆ. ಬಾಕಿ 3,20,000 ರೂಪಾಯಿ ಎಂದು ಕಾಣುತ್ತದೆ. ಅಷ್ಟನ್ನೂ ಅಂದೇ ಕಟ್ಟುತ್ತಾರೆ. ಎರಡು ತಿಂಗಳ ನಂತರ ಪತ್ರ ಕೇಳಲು ಹೋದರೆ ಗುಮಾಸ್ತರು ಹೇಳುತ್ತಾರೆ: "ಸರ್, ಇನ್ನೂ 1,931 ರೂಪಾಯಿ ಬಾಕಿ ತೋರಿಸ್ತಿದೆ."

ಈ ಬಾಕಿ ಎಲ್ಲಿಂದ ಬಂತು? ಬಡ್ಡಿ ದಿನದಿನವೂ ಬೆಳೆಯುತ್ತದೆ. ಆದರೆ ಸಾಮಾನ್ಯವಾಗಿ ಅದನ್ನು ಖಾತೆಗೆ ಹಾಕುವುದು ತಿಂಗಳ ಕೊನೆಗೆ. ಹೀಗಾಗಿ 18ರಂದು ಆ್ಯಪ್ ತೋರಿಸಿದ ಮೊತ್ತದಲ್ಲಿ ಆ ತಿಂಗಳ ಬಡ್ಡಿ ಸೇರಿರಲಿಲ್ಲ. ವರ್ಷಕ್ಕೆ ಶೇ 9ರ ಲೆಕ್ಕದಲ್ಲಿ 3,20,000ಕ್ಕೆ ದಿನಕ್ಕೆ ಸುಮಾರು 79 ರೂಪಾಯಿ, 17 ದಿನಕ್ಕೆ 1,341. ಖಾತೆ ಮುಚ್ಚದೆ ಉಳಿದಿದ್ದರಿಂದ ಮುಂದಿನ ತಿಂಗಳು ಕಂತು ಎಂದಿನಂತೆ ಉಳಿತಾಯ ಖಾತೆಯ ಬಾಗಿಲು ತಟ್ಟಿದೆ. ಅಲ್ಲಿ ಹಣವಿಲ್ಲದೆ ಬೌನ್ಸ್ ಆಗಿದೆ. ಅದರ ಶುಲ್ಕ 500, ಜಿಎಸ್‌ಟಿ 90. ಎಲ್ಲ ಕೂಡಿ 1,931.

ಇಂಥ ಕಡೆ ಕೌಂಟರಿನಲ್ಲಿ ವಾದಿಸಿ ಪ್ರಯೋಜನವಿಲ್ಲ. ಹಣ ಕಟ್ಟಿದ ದಿನದ ಹಿಂದಿನ ಮೂರು ತಿಂಗಳಿಂದ ಇವತ್ತಿನವರೆಗಿನ ಸಾಲದ ಖಾತೆಯ ಸ್ಟೇಟ್‌ಮೆಂಟ್ ಕೇಳಿ ಪಡೆಯಿರಿ. ಒಂದೊಂದು ಖರ್ಚಿನ ಸಾಲಿನ ಮುಂದೆಯೂ ಯಾವ ದಿನದ್ದು, ಯಾತಕ್ಕೆ ಎಂದು ಗುರುತು ಹಾಕಿ. ಮೇಷ್ಟ್ರ ವಿಷಯದಲ್ಲಿ 1,341 ನಿಜವಾದ ಬಡ್ಡಿ, ಅದನ್ನು ಕಟ್ಟಲೇಬೇಕು. 590 ಮಾತ್ರ ಪ್ರಶ್ನಿಸಬಹುದಾದದ್ದು. ಖಾತೆ ಮುಚ್ಚಲು ಮೊದಲೇ ಬರೆದುಕೊಟ್ಟಿದ್ದರೆ ಶುಲ್ಕ ವಾಪಸ್ ಮಾಡಿ ಎಂದು ಕೇಳಲು ಆಧಾರ ಗಟ್ಟಿಯಾಗಿರುತ್ತಿತ್ತು. ಆ್ಯಪಿನಲ್ಲಿ ಹಣ ಹಾಕಿ ಸುಮ್ಮನಾಗುವುದೇ ಇಲ್ಲಿಯ ನಿಜವಾದ ತಪ್ಪು ಎಂದು ನನಗನ್ನಿಸುತ್ತದೆ. ಸಾಲ ಮುಗಿಸುವವರು ಶಾಖೆಯಿಂದ 'ಫೋರ್‌ಕ್ಲೋಷರ್ ಸ್ಟೇಟ್‌ಮೆಂಟ್' ಪಡೆಯಬೇಕು. ಇಂಥ ದಿನಾಂಕದವರೆಗೆ ಇಷ್ಟು, ಆಮೇಲೆ ದಿನಕ್ಕೆ ಇಷ್ಟು ಬಡ್ಡಿ ಎಂದು ಅದರಲ್ಲಿ ಬರೆದಿರುತ್ತದೆ. ಚೆಕ್ ಕೊಟ್ಟರೆ ಅದು ಪಾಸಾಗುವ ದಿನವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಹಣ ಕಟ್ಟಿದ ದಿನವೇ ಒಂದು ಅರ್ಜಿ ಕೊಡಿ. ಸಾಲದ ಖಾತೆ ಸಂಖ್ಯೆ, ಕಟ್ಟಿದ ದಿನಾಂಕ, ಮೊತ್ತ, ಯುಟಿಆರ್ ಸಂಖ್ಯೆ ಬರೆಯಿರಿ. ಖಾತೆಯನ್ನು ಸೊನ್ನೆ ಮಾಡಿ ಮುಚ್ಚಬೇಕು, ಕಂತಿನ ಆದೇಶ ರದ್ದುಪಡಿಸಬೇಕು, ಬೇಬಾಕಿ ಪತ್ರ (ಬ್ಯಾಂಕಿನವರ ಮಾತಿನಲ್ಲಿ ನೋ ಡ್ಯೂಸ್ ಸರ್ಟಿಫಿಕೇಟ್) ಮತ್ತು ಮೂಲ ದಾಖಲೆಗಳನ್ನು ಕೊಡಬೇಕು ಎಂದು ಕೇಳಿ. ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳದೆ ಬರಬೇಡಿ.

ದಿನಾಂಕಕ್ಕೆ ಇಷ್ಟು ಒತ್ತು ಕೊಡಲು ಕಾರಣವಿದೆ. ಮನೆ ಸಾಲದಂಥ ವೈಯಕ್ತಿಕ ಸಾಲಗಳಲ್ಲಿ ಪೂರ್ತಿ ಹಣ ಸಂದ 30 ದಿನಗಳೊಳಗೆ ಆಸ್ತಿಯ ಮೂಲ ದಾಖಲೆಗಳನ್ನು ಮರಳಿಸಿ, ಅಡಮಾನದ ನೋಂದಣಿಯನ್ನು ತೆಗೆಸಬೇಕೆಂದು ರಿಸರ್ವ್ ಬ್ಯಾಂಕ್ 2023ರ ಸೆಪ್ಟೆಂಬರ್‌ನಲ್ಲಿ ಆದೇಶಿಸಿತು. 2023ರ ಡಿಸೆಂಬರ್ 1ರಿಂದ ಅದು ಜಾರಿಯಲ್ಲಿದೆ. ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಸಿಗಬೇಕು. ಆದರೆ 1,341 ರೂಪಾಯಿ ನಿಜವಾಗಿ ಉಳಿದಿದ್ದರೆ ಆ 30 ದಿನಗಳ ಎಣಿಕೆ ಶುರುವಾಗಿಯೇ ಇಲ್ಲ ಎಂದು ಬ್ಯಾಂಕ್ ಹೇಳಬಹುದು. ಸಣ್ಣ ಬಾಕಿಯನ್ನು ನಿರ್ಲಕ್ಷಿಸಬಾರದು ಎನ್ನುವುದು ಇದಕ್ಕೇ.

ಪತ್ರ ಕೈಗೆ ಬಂದಾಗ ಅಲ್ಲಿಯೇ ನಿಂತು ಓದಿ. ನಿಮ್ಮ ಹೆಸರು, ಖಾತೆ ಸಂಖ್ಯೆ, ಮುಚ್ಚಿದ ದಿನಾಂಕ ಸರಿಯಿರಬೇಕು, ಸಾಲ ಪೂರ್ತಿ ತೀರಿದೆ, ಯಾವ ಬಾಕಿಯೂ ಇಲ್ಲ ಎಂಬ ಮಾತಿರಬೇಕು. 'ಸೆಟಲ್' ಎಂಬ ಪದ ಕಂಡರೆ ಎಚ್ಚರ. ಒಂದಿಷ್ಟು ಬಿಟ್ಟುಕೊಟ್ಟು ಮುಗಿಸಿದ ಸಾಲಕ್ಕೆ ಹಾಗೆ ಬರೆಯುತ್ತಾರೆ. ಸಿಬಿಲ್ ವರದಿಯಲ್ಲಿಯೂ ಅದು ಹಾಗೇ ಬಂದರೆ ಮುಂದೆ ಸಾಲ ಸಿಗುವುದು ಕಷ್ಟ. ಒಂದು ತಿಂಗಳು ಬಿಟ್ಟು ಆ ವರದಿ ತೆಗೆಸಿ ನೋಡಿ, ವರ್ಷಕ್ಕೊಮ್ಮೆ ಉಚಿತ. ಅಲ್ಲಿ ಖಾತೆ 'Closed', ಬಾಕಿ ಸೊನ್ನೆ ಎಂದಿರಬೇಕು. ತಪ್ಪಿದ್ದರೆ ದೂರು ಕೊಡಿ. 30 ದಿನ ದಾಟಿಯೂ ಸರಿಯಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರದ ನಿಯಮವಿದೆ.

ಅಡಮಾನ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗಿದ್ದರೆ ಬೇಬಾಕಿ ಪತ್ರವೊಂದೇ ಸಾಲದು. ಬಿಡುಗಡೆಯೂ ನೋಂದಣಿಯಾಗಿ ಇ.ಸಿ.ಯಲ್ಲಿ ಕಾಣಬೇಕು. ಬೆಳೆ ಸಾಲವಾದರೆ ಪಹಣಿಯ 11ನೇ ಕಾಲಂನಲ್ಲಿರುವ ಬ್ಯಾಂಕಿನ ಋಣ ಹೋಗಿದೆಯೇ ನೋಡಿ.

ಬ್ಯಾಂಕ್ ಉತ್ತರಿಸದಿದ್ದರೆ ಮೊದಲು ಅದರ ಕುಂದುಕೊರತೆ ವಿಭಾಗಕ್ಕೆ ಬರೆದು ದೂರಿನ ಸಂಖ್ಯೆ ಪಡೆಯಿರಿ. 30 ದಿನ ಕಳೆದರೂ ಉತ್ತರವಿಲ್ಲ, ಅಥವಾ ಬಂದ ಉತ್ತರ ಸಮಾಧಾನ ತರಲಿಲ್ಲ ಎಂದರೆ cms.rbi.org.in ಮೂಲಕ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಸೀಲು ಬಿದ್ದ ಆ ಅರ್ಜಿಯ ಪ್ರತಿ, ಗುರುತು ಹಾಕಿದ ಸ್ಟೇಟ್‌ಮೆಂಟ್, ಹಣ ಕಟ್ಟಿದ ರಸೀದಿ, ಈ ಮೂರನ್ನೂ ದೂರಿನ ಜೊತೆ ಲಗತ್ತಿಸಿ.