ಅಜ್ಜನನ್ನು ನೋಡಲು ಹನ್ನೆರಡು ಗಂಟೆ

ಚಿಕ್ಕಪ್ಪ ಹ್ಯಾಂಡಿಕ್ಯಾಮ್‌ನಲ್ಲಿ ಚಿತ್ರೀಕರಿಸಿದ್ದ 38 ಮಿನಿ ಡಿವಿ ಕ್ಯಾಸೆಟ್‌ಗಳನ್ನು ಈ ರಜೆಯಲ್ಲಿ ಕಂಪ್ಯೂಟರಿಗೆ ಇಳಿಸಿದೆ. ಗಂಟೆಗೆ ಸುಮಾರು 13 ಜಿಬಿಯಂತೆ ಎಲ್ಲ ಸೇರಿ 500 ಜಿಬಿ ಹತ್ತಿರ ಬಂತು. ಏಳನೇ ಕ್ಯಾಸೆಟ್‌ನಲ್ಲಿ ಅಜ್ಜ ಇದ್ದಾರೆ. ಅತ್ತೆಯ ಮದುವೆ ಚಪ್ಪರದಲ್ಲಿ ನಿಂತು ಅಡುಗೆಯವರನ್ನು ಗದರಿಸುತ್ತಿದ್ದಾರೆ. ಅವರ ದನಿ ಅಂತ ನಮ್ಮ ಬಳಿ ಉಳಿದಿರುವುದು ಅಷ್ಟೇ. ಅದೂ ಒಂದೇ ಹಾರ್ಡ್ ಡಿಸ್ಕ್‌ನಲ್ಲಿದೆಯಲ್ಲ ಎಂಬ ಭಯಕ್ಕೆ ಕ್ಲೌಡ್ ದರಪಟ್ಟಿ ತೆರೆದು ಕೂತೆ.

ಅಮೆಜಾನ್‌ನ ಎಸ್3 ಸೇವೆಯಲ್ಲಿ ಹಲವು ದರ್ಜೆಗಳಿವೆ. ವರ್ಜೀನಿಯಾ ಕೇಂದ್ರದ ದರದಂತೆ, ಸ್ಟ್ಯಾಂಡರ್ಡ್ ದರ್ಜೆಯಲ್ಲಿ ನನ್ನ 500 ಜಿಬಿಗೆ ತಿಂಗಳಿಗೆ ಹನ್ನೊಂದೂವರೆ ಡಾಲರ್. ಅದೇ ‘ಗ್ಲೇಸಿಯರ್ ಡೀಪ್ ಆರ್ಕೈವ್’ನಲ್ಲಿ ಬರೀ 50 ಸೆಂಟ್! ವರ್ಷಕ್ಕೆ ಆರು ಡಾಲರ್. ನಾನು ಕುಣಿದಾಡಿದೆ.

ಸಾಫ್ಟ್‌ವೇರ್ ಕಂಪನಿಯಲ್ಲಿರುವ ದೊಡ್ಡಪ್ಪನ ಮಗ ಫೋನಿನಲ್ಲಿ ನಕ್ಕ. ‘ಇಡೋದಕ್ಕೆ ಎಷ್ಟು ಅಂತ ನೋಡಿದ್ಯಲ್ಲ, ತರೋದಕ್ಕೆ ಎಷ್ಟು ಅಂತ ನೋಡಿದ್ಯಾ?’

ನೋಡಿರಲಿಲ್ಲ. ಡೀಪ್ ಆರ್ಕೈವ್‌ನಲ್ಲಿರುವ ಫೈಲನ್ನು ಒತ್ತಿದ ಕೂಡಲೇ ತೆರೆಯಲಾಗದು. ಮೊದಲು ‘ರಿಸ್ಟೋರ್’ ಕೋರಿಕೆ ಕಳಿಸಬೇಕು. ಸ್ಟ್ಯಾಂಡರ್ಡ್ ಕೋರಿಕೆಯಾದರೆ 12 ಗಂಟೆಯೊಳಗೆ, ಅಗ್ಗದ ಬಲ್ಕ್ ಆದರೆ 48 ಗಂಟೆಯೊಳಗೆ ಫೈಲಿನ ತಾತ್ಕಾಲಿಕ ಪ್ರತಿ ಸಿದ್ಧವಾಗುತ್ತದೆ. ಅಜ್ಜನ ತಿಥಿಯ ದಿನ ಬೆಳಿಗ್ಗೆ ಅಮ್ಮ ‘ಒಂದ್ಸಲ ತೋರ್ಸೋ’ ಅಂದರೆ, ಊಟ ಮುಗಿದು ನೆಂಟರೆಲ್ಲ ಹೊರಟ ಮೇಲೆ ಅಜ್ಜ ಬರುತ್ತಾರೆ!

ಖರ್ಚಿನ ಕಥೆ ಇನ್ನೊಂದು. 500 ಜಿಬಿಯನ್ನು ಬಲ್ಕ್‌ನಲ್ಲಿ ಹೊರತೆಗೆಯಲು ಒಂದೂಕಾಲು ಡಾಲರ್, ಅದು ಬಿಡಿ. ಆದರೆ ಅಲ್ಲಿಂದ ಮನೆಗೆ ಇಳಿಸಿಕೊಳ್ಳುವುದಕ್ಕೆ ಬೇರೆ ಶುಲ್ಕವಿದೆ, ಅದರ ಹೆಸರು ಎಗ್ರೆಸ್. ತಿಂಗಳಿಗೆ ಮೊದಲ 100 ಜಿಬಿ ಉಚಿತ, ಆಮೇಲೆ ಜಿಬಿಗೆ 9 ಸೆಂಟ್. ಉಳಿದ 400 ಜಿಬಿಗೆ 36 ಡಾಲರ್. ಆರು ವರ್ಷದ ಬಾಡಿಗೆ ಒಂದೇ ಸಲಕ್ಕೆ! ಅವಸರವಿಲ್ಲದಿದ್ದರೆ ತಿಂಗಳಿಗೆ ನೂರು ಜಿಬಿಯಂತೆ ಐದು ತಿಂಗಳಲ್ಲಿ ತಂದುಕೊಂಡು ಈ ಶುಲ್ಕ ಉಳಿಸಬಹುದು.

38 ಕ್ಯಾಸೆಟ್‌ಗಳನ್ನೂ ಒಂದೇ ಜಿಪ್ ಫೈಲ್ ಮಾಡಬೇಕೆಂದಿದ್ದೆ. ಹಾಗೆ ಮಾಡಿದ್ದರೆ ಅಜ್ಜನ ಐದು ನಿಮಿಷಕ್ಕಾಗಿ ಇಡೀ 500 ಜಿಬಿ ತರಿಸಬೇಕಾಗುತ್ತಿತ್ತು. ಈಗ ಕ್ಯಾಸೆಟ್‌ಗೊಂದು ಫೈಲ್. ಯಾವುದರಲ್ಲಿ ಏನಿದೆ ಎಂಬ ಪಟ್ಟಿ ನನ್ನ ನೋಟ್‌ಬುಕ್‌ನಲ್ಲಿದೆ. ಇನ್ನೊಂದು ವಿಷಯ, 180 ದಿನದೊಳಗೆ ಅಳಿಸಿದರೂ ಅಷ್ಟೂ ದಿನದ ಬಾಡಿಗೆ ಬೀಳುತ್ತದೆ. ಹಾಗಾಗಿ ಕತ್ತರಿಸುವುದು, ಹೆಸರಿಡುವುದು ಎಲ್ಲ ಮುಗಿಸಿಯೇ ಮೇಲೆ ಕಳಿಸಿದೆ.

ನೋಡುವುದಕ್ಕೆಂದು ಪ್ರತಿ ಕ್ಯಾಸೆಟ್‌ನದ್ದೂ ಗಂಟೆಗೆ ಒಂದು ಜಿಬಿಯಷ್ಟು ಕುಗ್ಗಿಸಿದ ಎಂಪಿ4 ಪ್ರತಿ ಮಾಡಿ ಪೆನ್‌ಡ್ರೈವ್‌ಗೆ ಹಾಕಿದ್ದೇನೆ. ಮೂಲ ಪ್ರತಿ ಹಾರ್ಡ್ ಡಿಸ್ಕ್‌ನಲ್ಲೂ ಇದೆ, ಕ್ಲೌಡ್‌ನಲ್ಲೂ ಇದೆ. ಡಿಸ್ಕ್ ಕೈಕೊಟ್ಟ ದಿನ ಮಾತ್ರ ಆ 36 ಡಾಲರ್. ಅಮ್ಮನಿಗೆ ಇದ್ಯಾವುದೂ ಬೇಕಿಲ್ಲ, ಪೆನ್‌ಡ್ರೈವ್ ಟಿವಿಯ ಹಿಂದೆ ಖಾಯಂ ಸಿಕ್ಕಿಸಿಕೊಂಡೇ ಇದೆ.