ನಿಮಗಿದು ಗೊತ್ತೆ? ಭಾರ ಕೂಡಿಸಿದರೆ ಗ್ಲೈಡರ್ ಹಾರೀತು!

ಎಸೆದೊಡನೆ ಮೂಗೆತ್ತಿ, ಕ್ಷಣಮಾತ್ರ ಗಾಳಿಯಲ್ಲಿ ಸ್ತಬ್ಧವಾಗಿ, ಬಳಿಕ ಧೊಪ್ಪನೆ ಬೀಳುವ ಥರ್ಮೋಕೋಲಿನ ಗ್ಲೈಡರಿಗೆ ತಕ್ಕ ಚಿಕಿತ್ಸೆಯೆಂದರೆ ಭಾರವನ್ನು ತಗ್ಗಿಸುವುದಲ್ಲ, ಇನ್ನಷ್ಟು ಭಾರವನ್ನು ಅದರ ಮೂಗಿಗೇ ಮೆತ್ತುವುದು!

ರೆಕ್ಕೆ 50 ಸೆಂ.ಮೀ. ಉದ್ದ, 12 ಸೆಂ.ಮೀ. ಅಗಲದ ನೇರ ಪಟ್ಟಿಯೆಂದೂ, ಒಟ್ಟು ತೂಕ 60 ಗ್ರಾಂ ಎಂದೂ ಇಟ್ಟುಕೊಳ್ಳೋಣ. ರೆಕ್ಕೆಯ ಮುಂದಿನ ಅಂಚಿನಿಂದ ಅಗಲದ ಕಾಲುಭಾಗದಷ್ಟು, ಎಂದರೆ 3 ಸೆಂ.ಮೀ. ಹಿಂದೆ ಇರಬೇಕಾದ ಗುರುತ್ವಕೇಂದ್ರವು ಅದೇ ಅಂಚಿನಿಂದ 6 ಸೆಂ.ಮೀ. ದೂರಕ್ಕೆ ಸರಿದಿದ್ದರೆ, ತೂಕವನ್ನು ಆ 3 ಸೆಂ.ಮೀ. ವ್ಯತ್ಯಾಸದಿಂದ ಗುಣಿಸಿ, ಬಂದ 180ನ್ನು ಮೂಗಿಗೂ ಯೋಗ್ಯಬಿಂದುವಿಗೂ ನಡುವಣ ದೂರದಿಂದ, ಇಲ್ಲಿ 20ರಿಂದ, ಭಾಗಿಸತಕ್ಕದ್ದು. ಬಂದುದು 9, ಅಷ್ಟು ಗ್ರಾಂ ಜೇಡಿಮಣ್ಣು ಸಾಕು.

ಇದರಿಂದ ವಿಂಗ್ ಲೋಡಿಂಗ್, ಅಂದರೆ ರೆಕ್ಕೆಯ ಪ್ರತಿ 100 ಚದರ ಸೆಂ.ಮೀ. ಹೊರುವ ಹೊರೆ, 10 ಗ್ರಾಂನಿಂದ 11.5 ಗ್ರಾಂಗೆ ಏರುವುದು ದಿಟ. ಆದರೆ ವೇಗವು ಹೊರೆಯ ವರ್ಗಮೂಲವನ್ನನುಸರಿಸಿ ಹೆಚ್ಚುವುದಾದ್ದರಿಂದ, ತೆರಬೇಕಾದ ಬೆಲೆ ಸುಮಾರು ಶೇ. 7ರಷ್ಟು ಅಧಿಕ ವೇಗ ಮಾತ್ರ, ಅಗ್ಗವೇ ಸರಿ.

ರೆಕ್ಕೆಗಳಡಿ ಆ 3 ಸೆಂ.ಮೀ. ಗೆರೆಯಲ್ಲಿ ಎರಡು ಬೆರಳುಗಳನ್ನಾನಿಸಿ ಎತ್ತಿ ನೋಡಿ; ಸಮತಲವಾಗಿ ನಿಂತರೆ ಎಸೆಯಿರಿ, ಮೂಗಡಿಯಾಗಿ ಧುಮುಕಿದರೆ ಚಿಟಿಕೆ ಮಣ್ಣು ಕಿತ್ತುಬಿಡಿ.