ಯಂತ್ರ ಓದುವ ಕನ್ನಡ

ಬಾದಾಮಿಯ ಮೂರನೇ ಗುಹೆಯ ಬಗ್ಗೆ ಎರಡು ನಿಮಿಷದ ವಿಡಿಯೊ ಮಾಡಬೇಕು ಅಂದುಕೊಳ್ಳಿ. ಚಿತ್ರಗಳು ಸಿದ್ಧವಾಗಿವೆ, ಬರಹವೂ ಸಿದ್ಧವಿದೆ. ಅದರ ಮೊದಲ ವಾಕ್ಯ ಹೀಗಿದೆ: "ಕ್ರಿ.ಶ. 578ರಲ್ಲಿ ಚಾಲುಕ್ಯ ದೊರೆ ಕೀರ್ತಿವರ್ಮನ ಆಳ್ವಿಕೆಯಲ್ಲಿ ಆತನ ತಮ್ಮನಾದ ಮಂಗಳೇಶನು ಕೊರೆಸಿದ, ವಿಷ್ಣುವಿಗೆ ಅರ್ಪಿತವಾದ ಈ ಗುಹಾಲಯವು ಬಾದಾಮಿಯ ನಾಲ್ಕು ಗುಹೆಗಳಲ್ಲಿ ಅತಿ ದೊಡ್ಡದಾಗಿದೆ." ಕಣ್ಣಿನಲ್ಲಿ ಓದಿದರೆ ಇದರಲ್ಲಿ ದೋಷವೇನೂ ಕಾಣುವುದಿಲ್ಲ.

ಇದನ್ನೇ ಬರಹವನ್ನು ದನಿಯಾಗಿಸುವ ತಂತ್ರಾಂಶಕ್ಕೆ ಕೊಟ್ಟರೆ ತೊಂದರೆ ಮೊದಲ ಅಕ್ಷರದಿಂದಲೇ ಶುರುವಾಗಬಹುದು. "ಕ್ರಿ" ಆದ ಮೇಲಿನ ಚುಕ್ಕಿಯನ್ನು ವಾಕ್ಯದ ಕೊನೆ ಎಂದು ತಿಳಿದು ಯಂತ್ರ ನಿಲ್ಲುತ್ತದೆ. "ಶ" ಎಂದು ಮತ್ತೆ ನಿಲ್ಲುತ್ತದೆ. "578ರಲ್ಲಿ" ಎಂಬುದು "ಎಪ್ಪತ್ತೆಂಟರಲ್ಲಿ" ಎಂದು ಬೆಸೆದು ಬರುವ ಬದಲು "ಎಪ್ಪತ್ತೆಂಟು ರಲ್ಲಿ" ಎಂದು ತುಂಡಾಗಿ ಬರುತ್ತದೆ. ಅಲ್ಲಿಂದ ಮುಂದೆ ಏರಿಳಿತವಿಲ್ಲದ ಓಟ, ಕೊನೆಗೆ "ದೊಡ್ಡದಾಗಿದೆ" ಎಂಬಲ್ಲಿ ದನಿ ದಪ್ಪನೆ ಇಳಿಯುತ್ತದೆ. ಮುಂದಿನ ವಾಕ್ಯವೂ ಹಾಗೇ ಇಳಿಯುತ್ತದೆ, ಅದರ ಮುಂದಿನದೂ ಹಾಗೇ. ನಾಲ್ಕನೇ ವಾಕ್ಯಕ್ಕೆ ಕೇಳುವವರ ಗಮನ ಬೇರೆಡೆ ಹೋಗಿರುತ್ತದೆ.

ಇವತ್ತಿನ ಕೃತಕ ದನಿಗಳ ನಾದ ಚೆನ್ನಾಗಿದೆ. ಮೈಕ್ರೋಸಾಫ್ಟಿನ `kn-IN-SapnaNeural`, `kn-IN-GaganNeural` ದನಿಗಳಾಗಲಿ, ಐಐಟಿ ಮದ್ರಾಸಿನ ಎಐ4ಭಾರತ್ ತಂಡ ಮುಕ್ತವಾಗಿ ಕೊಟ್ಟಿರುವ ದನಿಗಳಾಗಲಿ, ಒಂದೊಂದೇ ಪದ ಕೇಳಿದರೆ ಮನುಷ್ಯರದ್ದೇ ಅನ್ನಿಸುತ್ತವೆ. ಎಡವುವುದು ಅದಕ್ಕೂ ಹಿಂದಿನ ಹಂತದಲ್ಲಿ. ಯಂತ್ರ ಮೊದಲು ಅಂಕಿ, ಸಂಕ್ಷೇಪಗಳನ್ನು ಪದವಾಗಿಸಿಕೊಳ್ಳುತ್ತದೆ. ಆಮೇಲೆ ಪದಗಳನ್ನು ಉಚ್ಚಾರಣೆಯಾಗಿಸುತ್ತದೆ. ನಂತರ ಯಾವ ಸ್ವರ ಎಷ್ಟು ಉದ್ದ, ಎಲ್ಲಿ ಏರು, ಎಲ್ಲಿ ಇಳಿವು ಎಂದು ಅಂದಾಜು ಮಾಡುತ್ತದೆ. ಈ ಅಂದಾಜನ್ನು ಅದು ಬಹುಮಟ್ಟಿಗೆ ಒಂದೊಂದು ವಾಕ್ಯವನ್ನೇ ನೋಡಿ ಮಾಡುವುದರಿಂದ, ಹಿಂದಿನ ವಾಕ್ಯದಲ್ಲಿ ಹೇಳಿದ್ದಕ್ಕೂ ಇದಕ್ಕೂ ಇರುವ ನಂಟು ಅದಕ್ಕೆ ಸರಿಯಾಗಿ ಸಿಗುವುದಿಲ್ಲ. ಓದುವ ಮನುಷ್ಯ ಮಾತ್ರ ಕಥೆಯ ಎಳೆ ಹಿಡಿದೇ ಓದುತ್ತಾನೆ.

ಹಾಗಾಗಿ ಮದ್ದು ಇರುವುದು ಬರಹದಲ್ಲಿ. ಅದೇ ವಿಷಯವನ್ನು ಹೀಗೆ ಬರೆದು ನೋಡಿ: "ಬಾದಾಮಿಯಲ್ಲಿ ನಾಲ್ಕು ಗುಹೆಗಳಿವೆ. ಎಲ್ಲಕ್ಕಿಂತ ದೊಡ್ಡದು ಈ ಮೂರನೆಯದು. ಇದನ್ನು ಕೊರೆಸಿದವನು ಮಂಗಳೇಶ, ಚಾಲುಕ್ಯ ದೊರೆ ಕೀರ್ತಿವರ್ಮನ ತಮ್ಮ. ಆಗ ಕ್ರಿಸ್ತಶಕ ಐನೂರ ಎಪ್ಪತ್ತೆಂಟು. ಪಡಸಾಲೆಯ ಒಂದು ತುದಿಗೆ ಹೋದರೆ, ಆದಿಶೇಷನ ಮೇಲೆ ಕುಳಿತ ವಿಷ್ಣು ಕಾಣುತ್ತಾನೆ."

ಮಾಡಿದ್ದು ಇಷ್ಟೇ: ಅಂಕಿಗಳನ್ನು ಬಾಯಲ್ಲಿ ಹೇಳುವ ಹಾಗೆ ಅಕ್ಷರದಲ್ಲಿ ಬರೆದಿದ್ದೇವೆ, ಸಂಕ್ಷೇಪವನ್ನು ಬಿಡಿಸಿದ್ದೇವೆ, ಒಂದು ವಾಕ್ಯವನ್ನು ಐದಾಗಿ ಒಡೆದಿದ್ದೇವೆ. ಇನ್ನೂ ಮುಖ್ಯವಾದದ್ದು, ಎಲ್ಲ ವಾಕ್ಯಗಳೂ ಕ್ರಿಯಾಪದದಲ್ಲೇ ಮುಗಿಯದಂತೆ ನೋಡಿಕೊಂಡಿದ್ದೇವೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದು ಸಹಜ. ಆದರೆ ಸಾಲು ಸಾಲಾಗಿ "ಇದೆ", "ಆಗಿದೆ", "ಹೊಂದಿದೆ" ಬಂದರೆ ಯಂತ್ರ ಪ್ರತಿ ಸಲವೂ ಒಂದೇ ರಾಗದಲ್ಲಿ ಇಳಿಸುತ್ತದೆ. "ಮೂರನೆಯದು", "ತಮ್ಮ", "ಎಪ್ಪತ್ತೆಂಟು" ಎಂದು ಕೊನೆ ಬದಲಾದಾಗ ಆ ಒಂದೇ ರಾಗ ಮುರಿಯುತ್ತದೆ.

ಇದಾದ ಮೇಲೂ ಉಳಿಯುವ ಕೊರತೆಗೆ ಎಸ್‌ಎಸ್‌ಎಂಎಲ್ ಎಂಬ ಗುರುತುಗಳಿವೆ. ಎಷ್ಟು ಹೊತ್ತು ನಿಲ್ಲಬೇಕು, ಎಲ್ಲಿ ನಿಧಾನಿಸಬೇಕು ಎಂದು ಬರಹದ ನಡುವೆಯೇ ಹೇಳುವ ಕ್ರಮ ಇದು:

```xml
ಎಲ್ಲಕ್ಕಿಂತ ದೊಡ್ಡದು ಈ ಮೂರನೆಯದು.
<break time="500ms"/>
ಇದನ್ನು ಕೊರೆಸಿದವನು
<prosody rate="-10%">ಮಂಗಳೇಶ</prosody>
```

ಇಲ್ಲಿ ಅರ್ಧ ಸೆಕೆಂಡಿನ ಬಿಡುವು ಚಿತ್ರ ಬದಲಾಗುವ ಹೊತ್ತಿಗೆ ಬರುತ್ತದೆ, ಹೊಸ ಹೆಸರು ಸ್ವಲ್ಪ ನಿಧಾನವಾಗಿ ಕಿವಿಗೆ ಬೀಳುತ್ತದೆ. ಇದನ್ನು ಅತಿಯಾಗಿ ಬಳಸಬಾರದು. ಪ್ರತಿ ವಾಕ್ಯಕ್ಕೂ ಅಳತೆ ಮಾಡಿದಂತೆ ಒಂದೇ ಬಿಡುವು ಕೊಟ್ಟರೆ ಯಾಂತ್ರಿಕತೆ ಇನ್ನಷ್ಟು ಎದ್ದು ಕಾಣುತ್ತದೆ. ಸ್ಥಾಯಿಯನ್ನು ಏರಿಸಿ ಇಳಿಸುವ ಗುರುತನ್ನು ಮುಟ್ಟದಿರುವುದೇ ಮೇಲು, ದನಿಯೇ ಕೆಡುತ್ತದೆ. ಕೆಲವು ಹೊಸ ದನಿಗಳು ಈ ಗುರುತುಗಳನ್ನು ಪೂರ್ತಿಯಾಗಿ ಪಾಲಿಸುವುದೂ ಇಲ್ಲ. ಆಗ ಅಲ್ಪವಿರಾಮ, ಹೊಸ ಸಾಲುಗಳೇ ಗತಿ.

ಉಚ್ಚಾರಣೆಯಲ್ಲಿ ನಮ್ಮ ಲಿಪಿಯದೇ ಒಂದು ತೊಡಕಿದೆ. "ಫಲ" ಮತ್ತು "ಫೋನ್" ಎರಡಕ್ಕೂ ಒಂದೇ ಅಕ್ಷರ, ದನಿ ಬೇರೆ. ಸರ್ಕಾರಿ ಯೋಜನೆಯ ವಿಡಿಯೊದಲ್ಲಿ "ಫಲಾನುಭವಿ" ಎಂಬ ಪದ ಫೋನಿನ ಫಕಾರದಲ್ಲಿ ಬಂದರೆ ಕಿವಿಗೆ ಚುಚ್ಚುತ್ತದೆ. ಅಂಥಲ್ಲಿ ಯಂತ್ರಕ್ಕೆ "ಪಲಾನುಭವಿ" ಎಂದೇ ಬರೆದುಕೊಟ್ಟರೆ ಕಿವಿಗೆ ಹೆಚ್ಚು ಸಹಜವಾಗಿರುತ್ತದೆ. ಅದಕ್ಕೇ ಎರಡು ಪ್ರತಿ ಇಟ್ಟುಕೊಳ್ಳಬೇಕು: ಯಂತ್ರ ಓದುವುದಕ್ಕೊಂದು, ಪರದೆಯ ಅಡಿಬರಹಕ್ಕೊಂದು. ಒಂದನ್ನೇ ಎರಡಕ್ಕೂ ಬಳಸಿದರೆ ತಪ್ಪು ಕಾಗುಣಿತ ಪರದೆಯ ಮೇಲೆ ರಾರಾಜಿಸುತ್ತದೆ.

ಇಷ್ಟೆಲ್ಲ ಮಾಡುವ ಬದಲು ಯಾರಾದರೂ ಓದಿದರಾಗದೇ? ಎಷ್ಟೋ ಕಡೆ ಅದೇ ಸರಿ. ಸಂಭಾಷಣೆ, ಹಾಸ್ಯ, ದುಃಖ, ಧಾರವಾಡದ ಅಥವಾ ಕುಂದಾಪುರದ ಮಾತಿನ ಧಾಟಿ ಬೇಕಾದ ಕಡೆ ಕೃತಕ ದನಿಯನ್ನು ನೆಚ್ಚಲಾಗದು. ಅದು ಕಲಿತಿರುವುದು ಹೆಚ್ಚಾಗಿ ಸಮತಟ್ಟಾದ ಶಿಷ್ಟ ಓದನ್ನು. ಬಾದಾಮಿಯ ವಿಡಿಯೊ ಒಮ್ಮೆ ಮಾಡಿದರೆ ವರ್ಷಗಟ್ಟಲೆ ಉಳಿಯುವಂಥದ್ದು, ನಾನಾದರೆ ಅದನ್ನು ಮನುಷ್ಯರಿಂದಲೇ ಓದಿಸುತ್ತೇನೆ. ಸ್ಟುಡಿಯೊ ಇಲ್ಲದಿದ್ದರೂ ನಡೆಯುತ್ತದೆ. ಬಟ್ಟೆ ತುಂಬಿದ ಬೀರು, ಹಾಸಿಗೆ ಇರುವ ಸಣ್ಣ ಕೋಣೆ ಸಾಕು, ಪ್ರತಿಧ್ವನಿ ಅಲ್ಲಿ ಅಡಗುತ್ತದೆ. ಫ್ಯಾನ್ ಆರಿಸಿ, ಮೈಕನ್ನು ಬಾಯಿಂದ ಒಂದು ಗೇಣು ದೂರದಲ್ಲಿ, ನೇರವಾಗಿ ಅಲ್ಲದೆ ಸ್ವಲ್ಪ ಓರೆಯಾಗಿ ಇಡಬೇಕು. ನೇರ ಇಟ್ಟರೆ ಪ, ಭ ಅಕ್ಷರಗಳ ಉಸಿರು ಮೈಕಿಗೆ ಬಡಿದು ದಬ್ ಎನ್ನುತ್ತದೆ. ಓದುವ ಮೊದಲು ಹತ್ತು ಸೆಕೆಂಡು ಸುಮ್ಮನೆ ಕೋಣೆಯ ಮೌನವನ್ನೂ ರೆಕಾರ್ಡ್ ಮಾಡಿಕೊಂಡರೆ, ತಪ್ಪುಗಳನ್ನು ಕತ್ತರಿಸಿದ ಜಾಗ ತುಂಬಲು ಅದು ಬೇಕಾಗುತ್ತದೆ.

ಧ್ವನಿಮುದ್ರಣದ ನಿಜವಾದ ಮಿತಿ ತಿದ್ದುಪಡಿಯದು. ತಿಂಗಳ ನಂತರ ಒಂದೇ ವಾಕ್ಯ ಬದಲಿಸಲು ಕೂತರೆ ಗಂಟಲು, ಕೋಣೆ, ಮೈಕಿನ ದೂರ ಎಲ್ಲವೂ ಬೇರೆಯಾಗಿ, ತೇಪೆ ಕೇಳಿಸುತ್ತದೆ. ನಮ್ಮ ಮೆಟ್ರೊದ ಕನ್ನಡ ಪ್ರಕಟಣೆಗಳಿಗೆ ದನಿ ಕೊಟ್ಟ ನಿರೂಪಕಿ ಅಪರ್ಣಾ 2024ರ ಜುಲೈನಲ್ಲಿ ತೀರಿಕೊಂಡರು. ಅವರು ಓದಿಟ್ಟ ಸಾಲುಗಳು ಉಳಿಯಬಹುದು, ಅವರು ಓದದ ಸಾಲನ್ನು ಆ ದನಿಯಲ್ಲಿ ಹೇಳಿಸುವಂತಿಲ್ಲ. ಯಂತ್ರದಿಂದ ದನಿಯ ನಕಲು ಮಾಡಲು ಈಗ ಸಾಧ್ಯವಿದೆ, ಆದರೆ ಬದುಕಿದ್ದಾಗ ಸ್ಪಷ್ಟವಾಗಿ ಒಪ್ಪಿಕೊಳ್ಳದವರ ದನಿಯನ್ನು ಹಾಗೆ ಬಳಸುವುದು ತಪ್ಪು ಎಂದೇ ನನ್ನ ಅಭಿಪ್ರಾಯ.

ದಿನವೂ ಬದಲಾಗುವ ಮಾರುಕಟ್ಟೆ ದರ, ಹವಾಮಾನ, ಪರೀಕ್ಷಾ ಸೂಚನೆಗಳಿಗೆ ಕೃತಕ ದನಿಯೇ ಅನುಕೂಲ. ಇನ್ನು ಮನುಷ್ಯರೇ ಓದುವ ವಿಡಿಯೊಗೂ ಅದನ್ನು ಕರಡಾಗಿ ಬಳಸಬಹುದು. ಮೊದಲು ಯಂತ್ರದಿಂದ ಓದಿಸಿ, ಪರದೆ ನೋಡದೆ ಫೋನಿನ ಸ್ಪೀಕರಿನಲ್ಲೇ ಕೇಳಬೇಕು. ವಿಷಯ ಗೊತ್ತಿಲ್ಲದ ಒಬ್ಬರಿಗೂ ಕೇಳಿಸಿ, ಮಂಗಳೇಶ ಯಾರು ಎಂದು ವಿಚಾರಿಸಬೇಕು. ಅವರು ತಡವರಿಸಿದರೆ ಆ ವಾಕ್ಯವನ್ನು ತಿದ್ದಿ, ಚಿತ್ರಗಳನ್ನು ಆ ಓಟಕ್ಕೆ ಹೊಂದಿಸಿಕೊಂಡ ಮೇಲೆ ಓದುವವರನ್ನು ಮೈಕಿನ ಮುಂದೆ ಕೂರಿಸಿದರೆ ಅವರ ಒಂದು ಗಂಟೆಯ ಕೆಲಸ ಕಾಲು ಗಂಟೆಗೆ ಮುಗಿದರೂ ಅಚ್ಚರಿಯಿಲ್ಲ.